ವಾಡಿಯ ರೈಲು ಯಾಕೆ ಕುಂಟುತ್ತದೆ?

ನಮ್ಮ ಕ್ಯಾಂಪಸ್ಸಿನಲ್ಲಿ ತಯಾರಾಗುವ ಸಾಕ್ಷ್ಯಚಿತ್ರಗಳಿಗೆ ಒಂದೇ ನಮೂನೆಯ ಕಾಯಿಲೆ ಇದೆ. ಮಾತು ಚೆನ್ನಾಗಿರುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ, ಆದರೆ ಏನಾದರೂ ಚಲಿಸಲು ಶುರುವಾದ ಕೂಡಲೇ ಚಿತ್ರ ಕುಂಟುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ಹೋಗುವ ಶಾಟ್ ಬಂದರೆ ಗಾಡಿ ಸಣ್ಣ ಸಣ್ಣ ಝಟ್ಕಾ ಹೊಡೆಯುತ್ತ ಹೋಗುತ್ತದೆ. ಮಳಖೇಡದ ಕೋಟೆ ಗೋಡೆಯ ಮೇಲೆ ಕ್ಯಾಮೆರಾ ನಿಧಾನ ತಿರುಗಿದರೆ ಗೋಡೆ ಸೆಕೆಂಡಿಗೊಮ್ಮೆ ತಡವರಿಸುತ್ತದೆ. ಹಿಂದಿನ ಸಾಲಿನಿಂದ ಯಾರೋ "ಲ್ಯಾಪ್‌ಟಾಪ್ ಸ್ಲೋ ಅದ, ಅದಕ್ಕ ಹಂಗ" ಅಂತಾರೆ. ಮುಂದಿನ ಸಾಲಿನಲ್ಲಿ ಕೂತ ಎಡಿಟರ್ ತಲೆ ಅಲ್ಲಾಡಿಸುತ್ತಾನೆ, ಅವನಿಗೂ ಹಾಗೆ ನಂಬೋದು ಅನುಕೂಲ.

ಲ್ಯಾಪ್‌ಟಾಪಿನ ತಪ್ಪು ಬಹಳ ಕಡಿಮೆ. ಐದು ಊರಿಗೆ ಐದು ಜನ ಐದು ಕ್ಯಾಮೆರಾ ಹಿಡಿದು ಹೋಗುತ್ತಾರೆ. ಒಂದು 24 ಫ್ರೇಮಿನಲ್ಲಿ, ಇನ್ನೊಂದು 25ರಲ್ಲಿ, ಎರಡು 30ರಲ್ಲಿ, ಮತ್ತೊಂದು 60ರಲ್ಲಿ ಶೂಟ್ ಆಗಿರುತ್ತದೆ. ಎಲ್ಲವನ್ನೂ ಒಂದೇ ಟೈಮ್‌ಲೈನಿಗೆ ಎಳೆದು ಹಾಕುತ್ತೇವೆ. ಆ ಟೈಮ್‌ಲೈನಿನ ರೇಟ್ ಎಷ್ಟು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಯಾಕಂದ್ರೆ ಅದನ್ನು ಯಾರೂ ಆರಿಸಿಯೇ ಇಲ್ಲ. ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಾಜೆಕ್ಟಿನ ರೇಟಿಗೂ ಮೊದಲ ಕ್ಲಿಪ್ಪಿನ ರೇಟಿಗೂ ಹೊಂದಿಕೆ ಆಗದಿದ್ದರೆ ಒಂದು ಸಣ್ಣ ಕಿಟಕಿ ತೆರೆದು, ಪ್ರಾಜೆಕ್ಟ್ ರೇಟ್ ಬದಲಾಯಿಸಲೇ ಅಂತ ಕೇಳುತ್ತದೆ. ಅವಸರದಲ್ಲಿ `Change` ಒತ್ತಿದರೆ ಮುಗೀತು. ಮೊದಲು ಯಾರ ಫೋನಿನ ಕ್ಲಿಪ್ ಬಂತೋ ಇಡೀ ಚಿತ್ರಕ್ಕೆ ಅದರ ರೇಟೇ ಕಾಯಂ. ಆ ಟೈಮ್‌ಲೈನಿನಲ್ಲಿ ಎಡಿಟ್ ಶುರುಮಾಡಿದ ಮೇಲೆ ಅದನ್ನು ಬದಲಿಸಲು ಸಾಫ್ಟ್‌ವೇರ್ ಬಿಡೋದಿಲ್ಲ.

ನನ್ನ ವಾದ ಇಷ್ಟೇ: ಟೈಮ್‌ಲೈನ್ ರೇಟನ್ನು ಮೊದಲ ಕ್ಲಿಪ್ ನಿರ್ಧರಿಸಬಾರದು. "ಸಿನಿಮಾ ಅಂದ್ರೆ 24" ಎಂಬ ಹಠವೂ ನಿರ್ಧರಿಸಬಾರದು. ಫುಟೇಜಿನಲ್ಲಿ ಯಾವ ಶಾಟನ್ನು ಯಾವ ರೀತಿಯಲ್ಲೂ ಮುಟ್ಟುವಂತಿಲ್ಲವೋ ಆ ಶಾಟ್ ನಿರ್ಧರಿಸಬೇಕು. ಹಾಗೆ ನೋಡಿದರೆ ನಮ್ಮ ಭಾಗದ ಚಿತ್ರಗಳಿಗೆ ಬಹುತೇಕ ಸಲ 25 ಅಂತಲೇ ಉತ್ತರ ಬರುತ್ತದೆ. ಯಾಕೆ ಅನ್ನೋದನ್ನು ಒಂದು ನಿಜವಾದ ಫುಟೇಜ್ ರಾಶಿ ಇಟ್ಟುಕೊಂಡು ಹೇಳುತ್ತೇನೆ. ಈ ವರ್ಷ ನಮ್ಮ ಗುಂಪು ಎಡಿಟ್ ಮಾಡಿದ ರಾಶಿಯೇ ಅದು.

ರಾಶಿಯಲ್ಲಿ ಇದ್ದದ್ದು ಹೀಗೆ. ಶಹಾಬಾದಿನ ಫರಸಿ ಗಣಿಯಲ್ಲಿ ಒಬ್ಬ ಹಿರಿಯರು ಕಲ್ಲಿನ ಪದರಿಗೆ ಉಳಿ ಹಚ್ಚಿ ಸುತ್ತಿಗೆಯಿಂದ ಹೊಡೆಯುತ್ತ, ಹೊಡೆಯುತ್ತಲೇ ನಮ್ಮ ಜೊತೆ ಮಾತಾಡುತ್ತಾರೆ; ಅದು ಡಿಎಸ್ಎಲ್ಆರ್‌ನಲ್ಲಿ 25 ಫ್ರೇಮ್. ವಾಡಿಯಲ್ಲಿ ರೈಲು, ಫೋನಿನಲ್ಲಿ 60. ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ಅಂತ ಕರೆಯುವ ಗುಡಿಯೊಳಗೆ ಗಿಂಬಲ್ ಹಿಡಿದು ನಡೆದ ಶಾಟ್, ಇನ್ನೊಂದು ಫೋನಿನಲ್ಲಿ 30. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕೋಟೆ ಮತ್ತು ಕಾಗಿಣಾ ನದಿ, 24ರಲ್ಲಿ, ಯಾಕಂದ್ರೆ ಆ ಗೆಳೆಯನಿಗೆ ಎಲ್ಲವೂ ಸಿನಿಮಾದ ಥರ ಕಾಣಬೇಕು. ಚಿಂಚೋಳಿಯಲ್ಲಿ ರಾತ್ರಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ತತ್ವಪದ ಹಾಡುವವರು, ಫೋನಿನಲ್ಲಿ 30 ಅಂತ ಬರೆದಿತ್ತು. "ಬರೆದಿತ್ತು" ಅಂತ ಯಾಕಂದೆ ಅನ್ನೋದು ಆಮೇಲೆ.

ಈ ಶಾಟುಗಳನ್ನು ಊರಿನ ಪ್ರಕಾರ ವಿಂಗಡಿಸಿದರೆ ಉಪಯೋಗ ಇಲ್ಲ. ಎರಡು ಪ್ರಶ್ನೆ ಕೇಳಬೇಕು. ಈ ಶಾಟಿನ ದನಿ ಚಿತ್ರಕ್ಕೆ ಅಂಟಿಕೊಂಡಿದೆಯೇ? ಈ ಶಾಟಿನಲ್ಲಿ ಕಣ್ಣು ಹಿಂಬಾಲಿಸುವಂಥ ಚಲನೆ ಇದೆಯೇ?

ದನಿ ಅಂಟಿಲ್ಲದಿದ್ದರೆ ವೇಗ ಸ್ವಲ್ಪ ಬದಲಿಸಬಹುದು. 30ರ ಫ್ರೇಮುಗಳನ್ನು ಒಂದನ್ನೂ ಬಿಡದೆ 25ರ ವೇಗದಲ್ಲಿ ಓಡಿಸಿದರೆ ಚಿತ್ರ ಸ್ವಲ್ಪ ನಿಧಾನ ಆಗುತ್ತದೆ, ಆದರೆ ಕುಂಟುವುದಿಲ್ಲ. ದನಿ ಅಂಟಿದ್ದು ಚಲನೆ ಕಡಿಮೆ ಇದ್ದರೆ, ಅಂದ್ರೆ ಟ್ರೈಪಾಡ್ ಮೇಲೆ ಇಟ್ಟ ಕ್ಯಾಮೆರಾದ ಮುಂದೆ ಯಾರಾದರೂ ಕೂತು ಮಾತಾಡುತ್ತಿದ್ದರೆ, ಆಗೊಂದು ಈಗೊಂದು ಫ್ರೇಮ್ ಬಿಟ್ಟರೂ ಯಾರಿಗೂ ಕಾಣೋದಿಲ್ಲ. ಅವಧಿ ಅಷ್ಟೇ ಇರುತ್ತದೆ, ತುಟಿಗೂ ಮಾತಿಗೂ ಹೊಂದಿಕೆ ಉಳಿಯುತ್ತದೆ. ಕಷ್ಟ ಬರುವುದು ಎರಡೂ ಇರುವ ಶಾಟಿಗೆ. ಸುತ್ತಿಗೆ ಮೇಲಿಂದ ಇಳಿಯುತ್ತಿದೆ, ಉಳಿಗೆ ಬಿದ್ದ ಕ್ಷಣಕ್ಕೇ ಠಣ್ ಅನ್ನಬೇಕು, ಅದೇ ಉಸಿರಿನಲ್ಲಿ ಅವರ ಮಾತೂ ಇದೆ. ನಿಧಾನ ಮಾಡಿದರೆ ದನಿ ಕೆಡುತ್ತದೆ. ಫ್ರೇಮ್ ಬಿಟ್ಟರೆ ಸುತ್ತಿಗೆ ಗಾಳಿಯಲ್ಲಿ ಜಿಗಿಯುತ್ತದೆ. ಇಂಥ ಶಾಟ್ ಯಾವ ರೇಟಿನಲ್ಲಿದೆಯೋ ಟೈಮ್‌ಲೈನ್ ಆ ರೇಟಿಗೇ ಇರಬೇಕು. ನಮ್ಮ ರಾಶಿಯಲ್ಲಿ ಅದು ಶಹಾಬಾದಿನ ಶಾಟ್, 25. ಹಾಗಾಗಿ ಟೈಮ್‌ಲೈನ್ 25. ಉಳಿದವು ಅದಕ್ಕೆ ಹೊಂದಿಕೊಳ್ಳಬೇಕು.

ಹೊಂದಿಕೊಳ್ಳುವುದು ಅಂದರೆ ಏನು ಅನ್ನುವುದಕ್ಕೆ ರೈಲಿನ ಲೆಕ್ಕ ನೋಡ್ರಿ. ಫೋನಿನಲ್ಲಿ 30 ಫ್ರೇಮಿಗೆ ತೆಗೆದಿದ್ದೇವೆ ಅಂದುಕೊಳ್ಳಿ. ಬೋಗಿಯ ಅಂಚು ಪ್ರತಿ ಫ್ರೇಮಿಗೆ 12 ಪಿಕ್ಸೆಲ್ ಸರಿಯುತ್ತಿದೆ. ಇದನ್ನು 25ರ ಟೈಮ್‌ಲೈನಿಗೆ ಹಾಗೇ ಎಸೆದರೆ ಸಾಫ್ಟ್‌ವೇರ್ ಸೆಕೆಂಡಿಗೆ 5 ಫ್ರೇಮ್ ಬಿಸಾಡಬೇಕು. ಆರರಲ್ಲಿ ಒಂದು ಹೋಗುತ್ತದೆ. ಉಳಿದವನ್ನು ಒಂದೊಂದಾಗಿ ನೋಡಿದರೆ ಬೋಗಿಯ ಅಂಚು 12, 12, 12, 12, ಆಮೇಲೆ 24 ಪಿಕ್ಸೆಲ್ ಸರಿಯುತ್ತದೆ. ಸರಿಯಾಗಿ ಇದ್ದಿದ್ದರೆ ಪ್ರತಿ ಸಲ 14.4 ಸರಿಯಬೇಕಿತ್ತು. ಒಟ್ಟು ದೂರ ಎರಡರಲ್ಲೂ ಒಂದೇ, 72. ಆದರೆ ಐದನೇ ಹೆಜ್ಜೆಗೊಮ್ಮೆ ಎರಡು ಮೆಟ್ಟಿಲು ಒಟ್ಟಿಗೆ ಹಾರಿದ ಹಾಗೆ. ಸೆಕೆಂಡಿಗೆ ಐದು ಸಲ ಬರುವ ಈ ಹಾರಾಟವನ್ನೇ ನಾವು ಕುಂಟುವುದು ಅಂತ ಕರೆಯೋದು.

ಅದೇ ರೈಲನ್ನು 60ರಲ್ಲಿ ತೆಗೆದಿದ್ದರೆ ಫ್ರೇಮಿಗೆ 6 ಪಿಕ್ಸೆಲ್. 25ಕ್ಕೆ ಇಳಿಸಿದಾಗ ಒಮ್ಮೆ ಎರಡು, ಒಮ್ಮೆ ಮೂರು ಫ್ರೇಮ್ ಮುಂದೆ ಹೋಗಬೇಕು. ಅಂಚು 12, 12, 18, 12, 18 ಅಂತ ಸರಿಯುತ್ತದೆ. ಇದೂ ಸಮ ಅಲ್ಲ, ಆದರೆ ಒಮ್ಮೆಲೇ ದುಪ್ಪಟ್ಟು ಜಿಗಿತ ಇಲ್ಲ. ಹಾಗಾಗಿ 25 ಆಯ್ಕೆ ಇಲ್ಲದ ಫೋನ್ ಹಿಡಿದು ಚಲನೆ ತೆಗೆಯಬೇಕಾದರೆ 30ಕ್ಕಿಂತ 60 ವಾಸಿ. ಮಧ್ಯಾಹ್ನದ ಬಿಸಿಲಿಗೆ ಮಾತ್ರ ಒಂದು ತೊಂದರೆ ಇದೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಫೋನ್ ತಾನಾಗಿಯೇ ಶಟರನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೋ ಇನ್ನೂ ಕಡಿಮೆಗೋ ಇಳಿಸುತ್ತದೆ. ಪ್ರತಿ ಫ್ರೇಮ್ ಚಾಕುವಿನಿಂದ ಕತ್ತರಿಸಿದ ಹಾಗೆ ಚೂಪಾಗಿ ಬರುತ್ತದೆ. ಚಲನೆಯ ಮಸುಕು ಇದ್ದಿದ್ದರೆ ಈ ಅಸಮ ಹೆಜ್ಜೆಗಳನ್ನು ಸ್ವಲ್ಪ ಮುಚ್ಚುತ್ತಿತ್ತು; ಚೂಪು ಚಿತ್ರದಲ್ಲಿ ಎಲ್ಲವೂ ಬಯಲು.

ವಾಡಿಯ ಶಾಟಿಗೆ ನಾವು ಮಾಡಿದ್ದು ಬೇರೆ. ರೈಲಿನ ಸದ್ದು ಅಲ್ಲಿ ಅಂಟಿದ ದನಿ ಅಲ್ಲ. ಗಾಲಿಯ ಗಡಗಡ ಸದ್ದನ್ನು ಬೇರೆ ಟ್ರ್ಯಾಕಿನಲ್ಲಿ ಹಾಗೇ ಇಟ್ಟು ಚಿತ್ರವನ್ನು ಸ್ವಲ್ಪ ನಿಧಾನ ಮಾಡಿದರೆ ಯಾರಿಗೂ ತಿಳಿಯೋದಿಲ್ಲ. ಹಾಗಾಗಿ 60 ಫ್ರೇಮನ್ನು ಮೊದಲು 50ರ ವೇಗಕ್ಕೆ ಇಳಿಸಿ, ಆಮೇಲೆ ಎರಡರಲ್ಲಿ ಒಂದನ್ನು ಆರಿಸಿದೆವು. ಐವತ್ತರಿಂದ ಇಪ್ಪತ್ತೈದಕ್ಕೆ ಬರುವಾಗ ಲೆಕ್ಕ ಚೊಕ್ಕ: ಒಂದು ಇಟ್ಟುಕೊಳ್ಳೋದು, ಒಂದು ಬಿಡೋದು. ಅಂಚು ಪ್ರತಿ ಸಲ 12 ಪಿಕ್ಸೆಲ್, ತಪ್ಪದೆ. ರೈಲಿನ ವೇಗ ಮೂಲದ ನೂರಕ್ಕೆ 83ರಷ್ಟಾಯಿತು, ಅಷ್ಟೇ. `ffmpeg` ಗೊತ್ತಿದ್ದವರಿಗೆ ಇದು ಒಂದು ಸಾಲಿನ ಕೆಲಸ:

```
ffmpeg -i wadi_60.mp4 -an -vf "fps=60,settb=1/300,setpts=1.2*PTS,fps=25" -c:v libx264 -crf 16 wadi_25.mp4
```

ಮೊದಲ `fps=60` ಫ್ರೇಮುಗಳನ್ನು ಸಮ ಅಂತರಕ್ಕೆ ತರುತ್ತದೆ. `setpts` ಪ್ರತಿ ಫ್ರೇಮಿನ ಸಮಯವನ್ನು 1.2 ಪಟ್ಟು ಹಿಗ್ಗಿಸಿ 60ನ್ನು 50 ಮಾಡುತ್ತದೆ. ಕೊನೆಯ `fps=25` ಎರಡರಲ್ಲಿ ಒಂದನ್ನು ಎತ್ತಿಕೊಳ್ಳುತ್ತದೆ. `-an` ಅಂದರೆ ದನಿ ಬೇಡ. ಅದನ್ನು ಮೂಲದಿಂದಲೇ ತೆಗೆದುಕೊಳ್ಳಬೇಕು.

ನಿಧಾನ ಮಾಡುವುದಕ್ಕೂ ಮಿತಿ ಇದೆ. ರೈಲು, ನೀರು, ಮೋಡ, ಸಿಮೆಂಟ್ ಫ್ಯಾಕ್ಟರಿಯ ಹೊಗೆ ಇವುಗಳ ನಿಜವಾದ ವೇಗ ಕಣ್ಣಿಗೆ ಗೊತ್ತಿಲ್ಲ. ಮನುಷ್ಯ ನಡೆಯುವ ವೇಗ ಮಾತ್ರ ಎಲ್ಲರಿಗೂ ಚೆನ್ನಾಗಿ ಗೊತ್ತು. ಪ್ಲಾಟ್‌ಫಾರ್ಮಿನ ಮೇಲೆ ನಡೆಯುವವನನ್ನು 83ಕ್ಕೆ ಇಳಿಸಿದರೆ ಅವನು ನೀರೊಳಗೆ ನಡೆದಂತೆ ಕಾಣುತ್ತಾನೆ. ನಮ್ಮ ಶಾಟಿನ ಕೊನೆಗೆ ಒಬ್ಬ ಹಮಾಲ ಅಡ್ಡ ಬರುತ್ತಿದ್ದರು, ಅವರು ಬರುವ ಮುಂಚೆಯೇ ಕತ್ತರಿಸಿದೆವು.

ನಾಗಾವಿಯ ಕಂಬಗಳ ವಿಷಯದಲ್ಲಿ ಗುಂಪಿನಲ್ಲಿ ಜಗಳವೇ ಆಯಿತು. "ಆಪ್ಟಿಕಲ್ ಫ್ಲೋ ಹಾಕೋಣ, ಅದು ನಡುವಿನ ಫ್ರೇಮ್ ತಾನೇ ಹುಟ್ಟಿಸ್ತದ" ಅಂತ ಒಬ್ಬನ ವಾದ. ಆ ಮಾತು ತಪ್ಪಲ್ಲ. ಎರಡು ಫ್ರೇಮ್ ನೋಡಿ, ಯಾವ ತುಣುಕು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಅಂದಾಜು ಮಾಡಿ, ನಡುವಿನ ಸ್ಥಾನಕ್ಕೆ ಅದನ್ನು ಸರಿಸಿ ಹೊಸ ಫ್ರೇಮ್ ಕಟ್ಟುವುದು ಅದರ ಕೆಲಸ. ಒಬ್ಬರೇ ಬಯಲಿನಲ್ಲಿ ನಡೆಯುವ ಶಾಟಿಗೆ ಎಷ್ಟೋ ಸಲ ಚೆನ್ನಾಗಿ ಬರುತ್ತದೆ. ಆದರೆ ಒಂದರ ಹಿಂದೆ ಒಂದು ನಿಂತ, ಒಂದೇ ಥರ ಕಾಣುವ ಕಂಬಗಳ ಸಾಲಿನಲ್ಲಿ ಆ ಅಂದಾಜೇ ತಪ್ಪುತ್ತದೆ. ಈ ಫ್ರೇಮಿನ ಮೂರನೇ ಕಂಬ ಮುಂದಿನ ಫ್ರೇಮಿನಲ್ಲಿ ಮೂರನೆಯದೋ ನಾಲ್ಕನೆಯದೋ ಅದಕ್ಕೆ ಗೊತ್ತಾಗೋದಿಲ್ಲ. ಮುಂದಿನ ಕಂಬ ಹಿಂದಿನ ಕಂಬವನ್ನು ಮುಚ್ಚಿ ಮತ್ತೆ ಬಿಟ್ಟಾಗ, ಬಿಟ್ಟ ಜಾಗದಲ್ಲಿ ಏನಿತ್ತು ಅನ್ನೋದು ಅದರ ಕೈಯಲ್ಲಿಲ್ಲ. ಪರಿಣಾಮ: ಕಂಬದ ಅಂಚು ರಬ್ಬರಿನಂತೆ ಕುಣಿಯಿತು. ನೂರಾರು ವರ್ಷ ಅಲ್ಲಾಡದೆ ನಿಂತ ಕಲ್ಲು ನಮ್ಮ ಚಿತ್ರದಲ್ಲಿ ಲಾಡಿಯಂತೆ ಬಳುಕಿತು. ಫ್ರೇಮ್ ಬ್ಲೆಂಡಿಂಗ್ ಹಾಕಿ ನೋಡಿದರೆ ಇನ್ನೊಂದು ತಮಾಷೆ. ಎರಡು ಫ್ರೇಮುಗಳನ್ನು ಒಂದರ ಮೇಲೊಂದು ಇಟ್ಟು ಬೆರೆಸುವುದರಿಂದ ಪ್ರತಿ ಕಂಬಕ್ಕೂ ಒಂದು ದೆವ್ವ ಅಂಟಿಕೊಂಡಿತ್ತು.

ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಗಿಂಬಲ್ ಮಾತ್ರ ಮುಂದೆ ಸಾಗುತ್ತಿತ್ತು. ಹಾಗಾಗಿ ಸರಳ ದಾರಿ ಹಿಡಿದೆವು. ಕ್ಲಿಪ್ಪನ್ನು ಟೈಮ್‌ಲೈನಿಗೆ ಎಳೆಯುವ ಮುಂಚೆ, ಮೀಡಿಯಾ ಪೂಲ್‌ನಲ್ಲೇ ಅದರ ಮೇಲೆ ಬಲ ಕ್ಲಿಕ್ ಮಾಡಿ `Clip Attributes`ನಲ್ಲಿ `Video Frame Rate` ಅನ್ನು 25 ಮಾಡಿದರೆ ರಿಸಾಲ್ವ್ ಅದನ್ನು 25ರಲ್ಲೇ ತೆಗೆದ ಕ್ಲಿಪ್ ಅಂತ ತಿಳಿದುಕೊಳ್ಳುತ್ತದೆ. ಪ್ರೀಮಿಯರ್‌ನಲ್ಲಿ ಇದೇ ಕೆಲಸಕ್ಕೆ `Interpret Footage` ಇದೆ. ಹತ್ತು ಸೆಕೆಂಡಿನ ನಡಿಗೆ 12 ಸೆಕೆಂಡ್ ಆಯಿತು. ಒಂದು ಫ್ರೇಮನ್ನೂ ಬಿಡಲಿಲ್ಲ, ಒಂದನ್ನೂ ಹುಟ್ಟಿಸಲಿಲ್ಲ. ಗುಡಿಯೊಳಗೆ ನಿಧಾನ ನಡೆದರೆ ಇನ್ನೂ ಚೆಂದ ಅಂತ ಜಗಳ ಆಡಿದವನೇ ಒಪ್ಪಿಕೊಂಡ.

ಮಳಖೇಡದ 24ರ ಕ್ಲಿಪ್ಪುಗಳಿಗೂ ಇದೇ ಔಷಧ, ದಿಕ್ಕು ಮಾತ್ರ ತಿರುಗಾಮುರುಗಾ. ಹಾಗೇ ಬಿಟ್ಟರೆ 25ರ ಟೈಮ್‌ಲೈನಿನಲ್ಲಿ ಸೆಕೆಂಡಿಗೊಂದು ಫ್ರೇಮ್ ಕಡಿಮೆ ಬೀಳುತ್ತದೆ, ಸಾಫ್ಟ್‌ವೇರ್ ಒಂದನ್ನು ಎರಡು ಸಲ ತೋರಿಸುತ್ತದೆ. ಕೋಟೆ ಗೋಡೆ ಸೆಕೆಂಡಿಗೊಮ್ಮೆ ತಡವರಿಸಿದ್ದು ಅದಕ್ಕೇ. 24ನ್ನು 25 ಅಂತ ಓದಿಸಿದರೆ ಚಿತ್ರ ನೂರಕ್ಕೆ ನಾಲ್ಕರಷ್ಟು ಚುರುಕಾಗುತ್ತದೆ, ಕಾಗಿಣಾ ನದಿಗೆ ಅದರಿಂದ ನಷ್ಟವಿಲ್ಲ.

ಇಲ್ಲಿ ಸ್ವಲ್ಪ ಹಳೇ ಕಥೆ ಹೇಳಬೇಕು, ಯಾಕಂದ್ರೆ 25 ಅನ್ನುವ ಸಂಖ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಹಳ್ಳಿಗಳಿಗೆ ಟಿವಿ ತಲುಪಿಸಿದ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಿಂದ ಆಯ್ಕೆಯಾದದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗುವ ಮುಂಚೆ ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ಟಿವಿ ಇತ್ತು. ಆ ಟಿವಿಯಲ್ಲಿ ಬಂದದ್ದು ಸೆಕೆಂಡಿಗೆ 25 ಚಿತ್ರ. ನಮ್ಮ ಕರೆಂಟ್ 50 ಹರ್ಟ್ಸ್, ಟಿವಿಯೂ ಅದರ ಅರ್ಧದ ಲೆಕ್ಕದಲ್ಲಿ ಕಟ್ಟಿದ್ದು. 24 ಫ್ರೇಮಿನ ಸಿನಿಮಾವನ್ನು ಇಂಥ ಟಿವಿಗೆ ಹಾಕುವಾಗ 25ರ ವೇಗದಲ್ಲೇ ಓಡಿಸುವುದು ರೂಢಿ. ಟಾಕೀಸಿನಲ್ಲಿ ಎರಡೂವರೆ ಗಂಟೆಯ ಸಿನಿಮಾ ಹಾಗೆ ಓಡಿಸಿದರೆ 144 ನಿಮಿಷಕ್ಕೆ ಮುಗಿಯುತ್ತದೆ. ಜಾಹೀರಾತು ಬಿಟ್ಟು ಹೇಳ್ತಿದ್ದೀನಿ. ಜೊತೆಗೆ ದನಿಯ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಮೇಲೇರುತ್ತದೆ; ಹಾರ್ಮೋನಿಯಮ್ಮಿನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗುವ ದೂರದ ಮುಕ್ಕಾಲು ಪಾಲಿಗೆ ಹತ್ತಿರ. ಸಿನಿಮಾ ಹಾಡಿಗೆ ಅದನ್ನು ಸಹಿಸಿಕೊಂಡೆವು.

ತತ್ವಪದಕ್ಕೆ ಸಹಿಸಬಾರದು ಅಂತ ನಾನು ಹೇಳ್ತೀನಿ. ಚಿಂಚೋಳಿಯಲ್ಲಿ ಹಾಡಿದವರು ತಮ್ಮ ಏಕತಾರಿಗೆ, ತಮ್ಮ ಗಂಟಲಿಗೆ ಒಪ್ಪುವ ಶ್ರುತಿ ಹಿಡಿದು ಹಾಡಿದ್ದಾರೆ. ದಮ್ಮಡಿಯ ಪೆಟ್ಟು ಅವರ ಲಯದಲ್ಲಿದೆ. ಆ ರಾತ್ರಿ ಹಾಡಿದ್ದು ಮತ್ತೆ ಹಾಗೇ ಹಾಡ್ತಾರೆ ಅನ್ನುವ ಖಾತ್ರಿ ಯಾರಿಗೂ ಇಲ್ಲ. ವಯಸ್ಸಾದ ಗಂಟಲುಗಳು ಅವು. 30ನ್ನು 25 ಅಂತ ಓದಿಸಿ ದನಿಯನ್ನೂ ಜೊತೆಗೆ ಎಳೆದರೆ ಶ್ರುತಿ ಮೂರು ಮನೆಗಿಂತ ಹೆಚ್ಚು ಕೆಳಗಿಳಿಯುತ್ತದೆ. ಶ್ರುತಿ ಸರಿಪಡಿಸುವ ಬಟನ್ ಇದೆ ಅಂತ ಹೇಳಬೇಡಿ. ಲಯ ನಿಧಾನವಾದದ್ದನ್ನು ಆ ಬಟನ್ ಸರಿಪಡಿಸೋದಿಲ್ಲ. ಈ ಶಾಟಿನಲ್ಲಿ ದನಿಯೇ ಯಜಮಾನ. ಚಿತ್ರ ಫ್ರೇಮ್ ಬಿಟ್ಟುಕೊಡಲಿ, ದನಿಯನ್ನು ಮುಟ್ಟೋದು ಬೇಡ. ಅವರು ಕೂತು ಹಾಡಿದ್ದಾರೆ, ಕ್ಯಾಮೆರಾ ಟ್ರೈಪಾಡ್ ಮೇಲಿದೆ, ಕೈಬೆರಳು ಮತ್ತು ತಾಳ ಮಾತ್ರ ಓಡಾಡುತ್ತವೆ. ಅಷ್ಟು ಜಿಗಿತ ಕಾಣುವುದು ಕಷ್ಟ.

ಆದರೆ ಈ ಕ್ಲಿಪ್ಪಿನಲ್ಲಿ ಇನ್ನೊಂದು ಹುಳುಕು ಇತ್ತು. ಫೋನಿನ ವಿಡಿಯೋ 30 ಅಂತ ಹೇಳಿಕೊಂಡರೂ ನಿಜವಾಗಿ 30 ಇರುವುದಿಲ್ಲ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಅದು ಫ್ರೇಮುಗಳನ್ನು ಕಡಿಮೆ ಮಾಡುತ್ತದೆ, ಬೆಳಕು ಬಂದಾಗ ಮತ್ತೆ ಹೆಚ್ಚಿಸುತ್ತದೆ. ಪ್ರತಿ ಫ್ರೇಮಿನ ಜೊತೆಗೆ ಅದು ಯಾವ ಕ್ಷಣದ್ದು ಅಂತ ಸಮಯ ಬರೆದಿರುವುದರಿಂದ ಫೋನಿನಲ್ಲಿ ನೋಡುವಾಗ ಎಲ್ಲ ಸರಿ. ಎಡಿಟಿಂಗ್ ಸಾಫ್ಟ್‌ವೇರ್ ಆ ಸಮಯ ನೋಡದೆ ಫ್ರೇಮುಗಳನ್ನು ಎಣಿಸಿ ಸಮ ಅಂತರಕ್ಕೆ ಜೋಡಿಸಿದರೆ ಚಿತ್ರ ದನಿಯಿಂದ ದೂರ ಸರಿಯುತ್ತ ಹೋಗುತ್ತದೆ. ಲೆಕ್ಕ ನೋಡಿ: ಹತ್ತು ನಿಮಿಷದ ಹಾಡಿನಲ್ಲಿ ಸರಾಸರಿ 29.9 ಫ್ರೇಮ್ ಇದ್ದರೆ ಒಟ್ಟು 17,940 ಫ್ರೇಮ್. ಅದನ್ನು ಸೆಕೆಂಡಿಗೆ 30ರಂತೆ ಓಡಿಸಿದರೆ 598 ಸೆಕೆಂಡಿಗೆ ಚಿತ್ರ ಮುಗಿಯುತ್ತದೆ, ಹಾಡು 600 ಸೆಕೆಂಡ್ ಇದೆ. ಸೊನ್ನೆ ಪಾಯಿಂಟ್ ಒಂದರ ವ್ಯತ್ಯಾಸಕ್ಕೆ ಎರಡು ಸೆಕೆಂಡ್ ಹೋಯಿತು. ಮೊದಲ ಚರಣದಲ್ಲಿ ತುಟಿ ಹೊಂದುತ್ತದೆ, ಕೊನೆಯ ಚರಣದಲ್ಲಿ ಅವರು ಬಾಯಿ ಮುಚ್ಚಿದ ಮೇಲೂ ಹಾಡು ಕೇಳುತ್ತಿರುತ್ತದೆ. ಶುರುವಿನಲ್ಲಿ ಸರಿ ಇದ್ದು ಬರಬರುತ್ತ ತಪ್ಪಿದರೆ ಇದೇ ರೋಗ ಅಂತ ಮೊದಲು ಅನುಮಾನಿಸಿ. ಶುರುವಿನಿಂದಲೇ ಒಂದೇ ಸಮ ತಪ್ಪಿದ್ದರೆ ಬೇರೆ ಕಾರಣ ಹುಡುಕಿ.

ಎಡಿಟ್ ಮಾಡುವ ಮುಂಚೆಯೇ ಇದನ್ನು ಹಿಡಿಯಬಹುದು:

```
ffprobe -v error -select_streams v:0 -show_entries stream=r_frame_rate,avg_frame_rate -of default=nw=1 chincholi.mp4
```

ಎರಡು ಸಾಲು ಬರುತ್ತವೆ. `r_frame_rate` ಮತ್ತು `avg_frame_rate` ಒಂದೇ ಇದ್ದರೆ ಬಹುತೇಕ ನೆಮ್ಮದಿ. ಬೇರೆ ಬೇರೆ ಇದ್ದರೆ ಕ್ಲಿಪ್ಪನ್ನು ಸಮ ಅಂತರಕ್ಕೆ ತಂದ ಮೇಲೆಯೇ ಎಡಿಟಿಗೆ ಕೂಡಬೇಕು. ಇಲ್ಲಿ ಕೆಲವರು ಮೊದಲು 30ಕ್ಕೆ ತಂದು, ಆಮೇಲೆ ಟೈಮ್‌ಲೈನಿನಲ್ಲಿ 25 ಮಾಡುತ್ತಾರೆ. ಎರಡು ಸಲ ಫ್ರೇಮ್ ಆರಿಸಿದರೆ ಎರಡು ಸಲ ಅಸಮ ಸೇರಿಕೊಳ್ಳುತ್ತದೆ. ನಿಧಾನ ಮಾಡುವ ಕ್ಲಿಪ್ಪಿಗೆ 30ಕ್ಕೆ ತರಬೇಕು ಹೌದು, ಅಲ್ಲಿ ಎಲ್ಲ ಫ್ರೇಮುಗಳೂ ಬೇಕು. ದನಿ ಅಂಟಿದ ಕ್ಲಿಪ್ಪನ್ನು ನೇರವಾಗಿ 25ಕ್ಕೇ ತರುವುದು ಒಳ್ಳೆಯದು:

```
ffmpeg -i chincholi.mp4 -vf fps=25 -c:v libx264 -crf 16 -c:a pcm_s16le chincholi_25.mov
```

ಫೋನ್ ಬರೆದ ಅಸಲಿ ಸಮಯ ನೋಡಿ, ಪ್ರತಿ 40 ಮಿಲಿಸೆಕೆಂಡಿಗೆ ಹತ್ತಿರದ ಫ್ರೇಮ್ ಯಾವುದೋ ಅದನ್ನು ಇದು ಎತ್ತಿಕೊಳ್ಳುತ್ತದೆ. ದನಿಯ ವೇಗ, ಶ್ರುತಿ ಎರಡೂ ಇದ್ದ ಹಾಗೇ ಬರುತ್ತವೆ.

ಇನ್ನು ನನ್ನ ವಾದದ ಮೇಲೆ ಬರುವ ಆಕ್ಷೇಪಣೆ. "ನೋಡೋರೆಲ್ಲ ಫೋನಿನಲ್ಲಿ ನೋಡ್ತಾರ, ಫೋನ್ ಸ್ಕ್ರೀನ್ 60 ಹರ್ಟ್ಸ್, ಅದಕ್ಕ 30 ಹೊಂದ್ತದ, 25 ಹೊಂದಂಗಿಲ್ಲ" ಅಂತ ಜೂನಿಯರ್ ಒಬ್ಬ ಕೇಳಿದ. ಕೇಳಿದ್ದು ಸರಿಯಾಗಿದೆ. 60ರ ಪರದೆಯಲ್ಲಿ 30ರ ಪ್ರತಿ ಫ್ರೇಮ್ ಎರಡು ಸಲ ಬೆಳಗುತ್ತದೆ, ಸಮ. 25ರ ಫ್ರೇಮುಗಳು ಒಮ್ಮೆ ಎರಡು ಸಲ, ಒಮ್ಮೆ ಮೂರು ಸಲ ಬೆಳಗುತ್ತವೆ, ಅಸಮ. ಫುಟೇಜ್ ಎಲ್ಲವೂ 30ರಲ್ಲೇ ಇದ್ದು, ಫೋನಿಗೇ ಹೋಗುವುದಾದರೆ ನಾನೂ 30ರ ಟೈಮ್‌ಲೈನೇ ಮಾಡುತ್ತೇನೆ. ಆದರೆ ಪರದೆಯ ಅಸಮ ಎಷ್ಟಾದರೂ ಆ ಪರದೆಗೆ ಸೇರಿದ್ದು. ಬೇರೆ ಪರದೆಗೆ ಹೋದರೆ ಹೋಗುತ್ತದೆ. ಎಕ್ಸ್‌ಪೋರ್ಟ್ ಫೈಲಿನೊಳಗೆ ನಾವು ಬೇಯಿಸಿಟ್ಟ ಅಸಮ ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತದೆ. 30ರ ಟೈಮ್‌ಲೈನಿಗೆ ಶಹಾಬಾದಿನ ಸುತ್ತಿಗೆಯನ್ನು ಹಾಕಿದರೆ ಪ್ರತಿ ಐದು ಫ್ರೇಮಿಗೆ ಒಂದು ಸಲ ಸುತ್ತಿಗೆ ಗಾಳಿಯಲ್ಲಿ ನಿಂತುಬಿಡುತ್ತದೆ. ಅದನ್ನು ಆಮೇಲೆ ಯಾರೂ ತೆಗೆಯಲಾರರು.

ಕುಂಟುವುದು ಫೈಲಿನದೋ ಪರದೆಯದೋ ಅಂತ ತಿಳಿಯಲು ಕಣ್ಣು ಸಾಕು. ಎಕ್ಸ್‌ಪೋರ್ಟ್ ಆದ ಫೈಲನ್ನು ಮತ್ತೆ ಎಡಿಟಿಂಗ್ ಸಾಫ್ಟ್‌ವೇರಿಗೆ ತಂದು, ಬಾಣದ ಕೀ ಒತ್ತುತ್ತ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಚಲಿಸುವ ಒಂದು ಅಂಚನ್ನು, ವಿದ್ಯುತ್ ಕಂಬವನ್ನೋ ಬೋಗಿಯ ಮೂಲೆಯನ್ನೋ, ಬೆರಳಿಟ್ಟು ನೋಡಿ. ಎರಡು ಸಲ ಕೀ ಒತ್ತಿದರೂ ಅಂಚು ಅಲ್ಲೇ ಇದ್ದರೆ ಫ್ರೇಮ್ ಮರುಕಳಿಸಿದೆ. ಒಮ್ಮೆ ದುಪ್ಪಟ್ಟು ಹಾರಿದರೆ ಫ್ರೇಮ್ ಬಿದ್ದುಹೋಗಿದೆ. ಹೆಜ್ಜೆ ಎಲ್ಲ ಸಮ ಇದ್ದೂ ಓಡಿಸಿದಾಗ ಕುಂಟಿದರೆ ಆಗ ಲ್ಯಾಪ್‌ಟಾಪನ್ನು ಬಯ್ಯಬಹುದು.

ಒಂದು ಸ್ಪರ್ಧೆಯವರು ಈಗಲೂ 24 ಕಡ್ಡಾಯ ಅಂತ ಬರೆಯುತ್ತಾರೆ. ಅವರಿಗೆ ಕಳಿಸಲೇಬೇಕಾದರೆ 25ರಲ್ಲೇ ಮುಗಿಸಿ, ಕೊನೆಗೆ ಇಡೀ ಚಿತ್ರವನ್ನು 24ಕ್ಕೆ ನಿಧಾನ ಮಾಡಿ ಶ್ರುತಿ ಸರಿಪಡಿಸಿ ಕಳಿಸಬಹುದು, ಆದರೆ ತತ್ವಪದ ಇರುವ ಚಿತ್ರವನ್ನು ನಾನು ಹಾಗೆ ಕಳಿಸುವುದಿಲ್ಲ. ಸಿನಿಮಾದ ಹಾಗೆ ಕಾಣುವುದು ಒಂದು ಫ್ರೇಮ್ ಕಡಿಮೆ ಮಾಡುವುದರಿಂದ ಬರುವುದಿಲ್ಲ. 24 ಮತ್ತು 25ನ್ನು ಪಕ್ಕಪಕ್ಕ ಇಟ್ಟು ಯಾವುದು ಯಾವುದು ಅಂತ ಹೇಳಿ ನೋಡೋಣ.

ಮುಂದಿನ ಶೂಟಿಗೆ ಹೊರಡುವವರಿಗೆ ಒಂದು ವಿನಂತಿ. ವ್ಯಾನ್ ಹತ್ತುವ ಮುಂಚೆ ಎಲ್ಲರ ಫೋನೂ 25ಕ್ಕೆ ಇಡಿಸಿ. ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ `Show PAL Formats` ಆನ್ ಮಾಡಿದರೆ 25 ಕಾಣಿಸುತ್ತದೆ. ಆಂಡ್ರಾಯ್ಡ್ ಫೋನಿನ ಸ್ವಂತ ಕ್ಯಾಮೆರಾದಲ್ಲಿ ಸಿಗದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿದೆ, ಆದರೆ ಎಲ್ಲ ಫೋನಿಗೂ ಬರೋದಿಲ್ಲ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಶಟರನ್ನು 1/50ಕ್ಕೆ ಕಟ್ಟಿಹಾಕಿ. ನಮ್ಮ ಕರೆಂಟಿನ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 1/50ರೊಳಗೆ ಸರಿಯಾಗಿ ಎರಡು ಮಿಣುಕು ಕೂಡುತ್ತವೆ, 1/60ರೊಳಗೆ ಕೂಡೋದಿಲ್ಲ. ಚಿಂಚೋಳಿಯ ಕ್ಲಿಪ್ಪಿನ ಹಿನ್ನೆಲೆಯ ಬಿಳಿ ಗೋಡೆಯ ಮೇಲೆ ಕಪ್ಪು ಪಟ್ಟೆ ಹರಿದಾಡುವುದು ಅದಕ್ಕೇ, ಅದನ್ನು ಯಾವ `ffmpeg` ಸಾಲಿನಿಂದಲೂ ನಾವು ಪೂರ್ತಿ ತೆಗೆಯಲಾಗಲಿಲ್ಲ.

ಹಾಲ್‌ನಲ್ಲಿ ತೋರಿಸುವ ದಿನ ಪ್ರೊಜೆಕ್ಟರಿಗೆ ಕೇಬಲ್ ಹಚ್ಚಿದ ಮೇಲೆ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ರಿಫ್ರೆಶ್ ರೇಟ್ 50 ಹರ್ಟ್ಸ್ ಇದೆಯೇ ನೋಡಿ. ಎಷ್ಟೋ ಪ್ರೊಜೆಕ್ಟರುಗಳಲ್ಲಿ ಇರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಅದನ್ನು ಆರಿಸಿ ವಾಡಿಯ ಶಾಟ್ ಒಮ್ಮೆ ಓಡಿಸಿ ನೋಡಿ.